ಕೋಷ್ಟಕ ಬದಲಾಯಿತು, ವಾಕ್ಯ ಬದಲಾಗಲಿಲ್ಲ

ಪ್ರಶ್ನೆ: ಸರ್, ನಾನು ವಿಜಯಪುರದವಳು. ಪುಣೆಯ ಒಂದು ಸಿಎ ಕಚೇರಿಯಲ್ಲಿ ಆರ್ಟಿಕಲ್‌ಶಿಪ್‌ನ ಎರಡನೇ ವರ್ಷದಲ್ಲಿದ್ದೇನೆ. ಸಹಿಗೆ ಹೋಗುವ ಮುಂಚೆ ಆಡಿಟ್ ರಿಪೋರ್ಟ್ ಪ್ರೂಫ್ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡೆರಡು ಸಲ ಓದಿದರೂ ಬರಹದಲ್ಲಿ ಒಂದು ಅಂಕಿ, ಟೇಬಲ್‌ನಲ್ಲಿ ಇನ್ನೊಂದು ಉಳಿದುಬಿಡುತ್ತದೆ. ಪಾರ್ಟ್ನರ್ ಸರ್ ಹಿಡಿದು ಬೈಯುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತಂಗಿ, ನೀವು ರಿಪೋರ್ಟನ್ನು ಓದುತ್ತಿದ್ದೀರಿ, ಎಡವಟ್ಟಾಗುತ್ತಿರುವುದು ಅಲ್ಲಿಯೇ. ಓದುವ ಕಣ್ಣು ಅರ್ಥದ ಬೆನ್ನು ಹತ್ತುತ್ತದೆ. ‘ಲಾಭವು ₹72.36 ಲಕ್ಷಕ್ಕೆ ಇಳಿದಿದೆ’ ಅಂತ ಓದಿದಾಗ ಲಾಭ ಇಳಿದದ್ದು ತಲೆಗೆ ಹೋಗುತ್ತದೆ, 72.36 ಹೋಗುವುದಿಲ್ಲ. ಇನ್ನೊಂದು ಸಲ ಓದಿದರೂ ಅಷ್ಟೇ, ಮೂರನೇ ಸಲಕ್ಕೆ ವಾಕ್ಯ ಬಾಯಿಪಾಠವಾಗಿರುತ್ತದೆ, ಕಣ್ಣು ಇನ್ನೂ ಜೋರಾಗಿ ಜಾರುತ್ತದೆ. ಅಂಕಿ ತಾಳೆ ನೋಡುವ ಸುತ್ತಿನಲ್ಲಿ ವ್ಯಾಕರಣ, ಕಾಗುಣಿತ, ಅರ್ಥ ಯಾವುದನ್ನೂ ನೋಡಬಾರದು. ಅದಕ್ಕೆ ಬೇರೆ ಸುತ್ತು ಇಟ್ಟುಕೊಳ್ಳಿ.

ಇನ್ನೊಂದು ಮಾತು. ಈ ತಪ್ಪುಗಳು ರಿಪೋರ್ಟಿನ ತುಂಬ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬ್ಯಾಲೆನ್ಸ್ ಶೀಟು, ಲಾಭ–ನಷ್ಟದ ಪಟ್ಟಿ, ನೋಟ್‌ಗಳ ಕೋಷ್ಟಕ ಇವೆಲ್ಲ ಎಕ್ಸೆಲ್‌ನಲ್ಲಿ ಟ್ರಯಲ್ ಬ್ಯಾಲೆನ್ಸಿಗೆ ಕಟ್ಟಿಹಾಕಿದ ಕರುಗಳು, ತಾಯಿ ನಡೆದರೆ ತಾವೂ ನಡೆಯುತ್ತವೆ. ಬರಹದೊಳಗಿನ ಅಂಕಿಗೆ ಅಂಥ ಹಗ್ಗವಿಲ್ಲ. ಅದನ್ನು ಯಾರೋ ವರ್ಡ್ ಫೈಲಿನಲ್ಲಿ, ಹೋದ ವರ್ಷದ ರಿಪೋರ್ಟಿನ ಮೇಲೆಯೇ, ಕೈಯಿಂದ ಟೈಪ್ ಮಾಡಿರುತ್ತಾರೆ. ಹಾಗಾಗಿ ಮೊದಲ ಡ್ರಾಫ್ಟಿನಲ್ಲಿ ಎರಡೂ ಸರಿಯಾಗಿಯೇ ಇರುತ್ತವೆ. ಕೊನೇ ಗಳಿಗೆಯಲ್ಲಿ ಒಂದು ಎಂಟ್ರಿ ಬೀಳುತ್ತದೆ ನೋಡಿ, ಆಗ ಕೋಷ್ಟಕ ಮುಂದೆ ಹೋಗುತ್ತದೆ, ವಾಕ್ಯ ನಿಂತಲ್ಲೇ ನಿಲ್ಲುತ್ತದೆ. ನನ್ನ ಅನುಭವದಲ್ಲಿ ಹೊಂದಿಕೆಯಾಗದ ಅಂಕಿಗಳಲ್ಲಿ ಹೆಚ್ಚಿನವು ಇಂಥ ತಡವಾಗಿ ಬಂದ ಎಂಟ್ರಿಯ ಮಕ್ಕಳು. ಅದಕ್ಕೇ ಅಂಥದ್ದೊಂದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಕೆಲವು ವರ್ಷದ ಹಿಂದಿನ ಮಾತು. ಗಣಪತಿ ಹಬ್ಬದ ವಾರ. ಭೋಸರಿ ಎಂಐಡಿಸಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಂಪನಿ. ಷೇರುಪೇಟೆಯಲ್ಲಿಲ್ಲ, ಆದರೆ ನೋಂದಣಿ ಪಬ್ಲಿಕ್ ಲಿಮಿಟೆಡ್ ಅಂತ. (ಇದೇ ಗಾತ್ರದ ಪ್ರೈವೇಟ್ ಕಂಪನಿಯಾಗಿದ್ದು, ಯಾರ ಹೋಲ್ಡಿಂಗ್ ಕಂಪನಿಯೂ, ಅಂಗಸಂಸ್ಥೆಯೂ ಅಲ್ಲದಿದ್ದರೆ ಸಣ್ಣ ಕಂಪನಿ ಅಂತ ಆಡಿಟ್ ರಿಪೋರ್ಟಿನ ಜೊತೆ ಹೋಗುವ ಕಾರೋ ಅನುಬಂಧವೇ ಬೇಕಾಗುತ್ತಿರಲಿಲ್ಲ, ನನ್ನ ಅರ್ಧ ಕಥೆ ಅಲ್ಲಿಗೇ ಮುಗಿಯುತ್ತಿತ್ತು.) ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕದ ನಡೆ ಮಾತ್ರ ಅದೇ. ಎಲ್ಲವೂ ಲಕ್ಷ ರೂಪಾಯಿಗಳಲ್ಲಿ.

ಮಾರನೇ ದಿನ ಸಹಿ. ನಾನು ಮುಂಬಯಿಯಿಂದ ಬೆಳಗಿನ ಇಂದ್ರಾಯಣಿ ಹಿಡಿದು ಬರುವುದೆಂದು ಟಿಕೆಟ್ ಮಾಡಿಸಿದ್ದೆ. ಸಂಜೆ ಫೋನು ಬಂತು. ನಿಂತುಹೋದ ಒಂದು ಮಾಡೆಲ್‌ಗಾಗಿ ತಯಾರಿಸಿದ್ದ ಬ್ರಾಕೆಟ್‌ಗಳು ಗೋಡೌನಿನಲ್ಲಿ ಬಿದ್ದಿವೆ, ಗುಜರಿ ಬೆಲೆಗಿಂತ ಹೆಚ್ಚು ಹುಟ್ಟುವುದಿಲ್ಲ. ಸಿದ್ಧ ಸರಕಿನ ಬೆಲೆಯಲ್ಲಿ 18.40 ಇಳಿಸಬೇಕು. ಎಂಟ್ರಿ ನ್ಯಾಯವಾದದ್ದೇ. ಕಚೇರಿಯ ಹುಡುಗರು ಹಾಕಿದರು, ಎಕ್ಸೆಲ್ ತಿರುಗಿತು, ಬ್ಯಾಲೆನ್ಸ್ ಶೀಟು ಎರಡೂ ಕಡೆ ತಾಳೆಯಾಯಿತು. ‘ಆಯ್ತು ಸರ್’ ಅಂದರು.

ಕೋಷ್ಟಕಗಳಲ್ಲಿ ಆದದ್ದೇನು ಅಂತ ಮೊದಲು ನೋಡಿ. ದಾಸ್ತಾನಿನ ನೋಟ್‌ನಲ್ಲಿ ಸಿದ್ಧ ಸರಕು 163.30 ಇದ್ದದ್ದು 144.90 ಆಯಿತು, ಒಟ್ಟು ದಾಸ್ತಾನು 412.65ರಿಂದ 394.25ಕ್ಕೆ ಬಂತು. ತೆರಿಗೆಗೆ ಮುಂಚಿನ ಲಾಭ 96.70 ಹೋಗಿ 78.30. ಕಂಪನಿ 22 ಪ್ರತಿಶತದ ದರ ಆರಿಸಿಕೊಂಡಿತ್ತು, ಸರ್ಚಾರ್ಜು, ಸೆಸ್ಸು ಸೇರಿ 25.168 ಪ್ರತಿಶತ. ಹಾಗಾಗಿ ತೆರಿಗೆ 24.34ರಿಂದ 19.71, ನಿವ್ವಳ ಲಾಭ 72.36ರಿಂದ 58.59. ಷೇರುಗಳು ಐದು ಲಕ್ಷ, ಅದರಿಂದ ಪ್ರತಿ ಷೇರಿನ ಗಳಿಕೆ ₹14.47 ಇದ್ದದ್ದು ₹11.72. ಆಸ್ತಿಯ ಕಡೆ 18.40 ಇಳಿದರೆ, ಎದುರುಗಡೆ ಮೀಸಲು ನಿಧಿ 13.77, ತೆರಿಗೆಯ ಬಾಕಿ 4.63 ಇಳಿಯಿತು. ಎರಡೂ ಕೂಡಿಸಿದರೆ ಅದೇ 18.40. ಇಷ್ಟಕ್ಕೆ ಯಾರ ಸಹಾಯವೂ ಬೇಡ, ಎಕ್ಸೆಲ್ ತಾನೇ ಮಾಡುತ್ತದೆ.

ಕ್ಯಾಷ್ ಫ್ಲೋ ಪಟ್ಟಿ ಮಾತ್ರ ಒಂದು ಚೆಂದದ ಪರೀಕ್ಷೆ ಕೊಡುತ್ತದೆ. ಮೊದಲು ಅಲ್ಲಿ 96.70 ಲಾಭ, ಅದರಿಂದ ದಾಸ್ತಾನು ಏರಿದ್ದಕ್ಕೆ 26.20 ಕಳೆ, ಉಳಿದದ್ದು 70.50. ಈಗ 78.30 ಲಾಭ, ದಾಸ್ತಾನು ಏರಿದ್ದು 7.80 ಮಾತ್ರ, ಉಳಿಯುವುದು ಅದೇ 70.50. ಬೆಲೆ ಇಳಿಸಿದ ಮಾತ್ರಕ್ಕೆ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲವಲ್ಲ! ಎಲ್ಲ ಬದಲಾದಾಗಲೂ ಬದಲಾಗಬಾರದ ಅಂಕಿ ಯಾವುದು ಅಂತ ಮೊದಲೇ ಯೋಚಿಸಿಟ್ಟುಕೊಂಡರೆ, ಅದು ಅಲುಗಿದ ಕೂಡಲೇ ಎಂಟ್ರಿ ಎಲ್ಲೋ ಅರ್ಧಕ್ಕೆ ನಿಂತಿದೆ ಅಂತ ತಿಳಿಯುತ್ತದೆ.

ಇನ್ನು ಬರಹಕ್ಕೆ ಬನ್ನಿ. ಮಾರನೇ ದಿನ ಪ್ರಿಂಟ್ ಹಿಡಿದು ಕೂತಾಗ ಹಳೇ ಅಂಕಿಗಳು ಮೂರು ಬೇರೆ ಬೇರೆ ರೀತಿಯಲ್ಲಿ ಅಡಗಿದ್ದವು. ಈ ಮೂರರ ವ್ಯತ್ಯಾಸ ತಿಳಿದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಮೊದಲನೆಯದು ಸರಳ. ಡೈರೆಕ್ಟರುಗಳ ವರದಿಯಲ್ಲಿ ‘ನಿವ್ವಳ ಲಾಭ ₹72.36 ಲಕ್ಷ’ ಅಂತ ಹಾಗೇ ಇತ್ತು. ಆ ವರದಿ ನಮ್ಮದಲ್ಲ, ಆಡಳಿತ ಮಂಡಳಿಯದು, ಆದರೂ ಲೆಕ್ಕಪತ್ರದ ಜೊತೆ ಹೋಗುವ ಇತರ ಮಾಹಿತಿಯನ್ನು ಓದಿ ಲೆಕ್ಕಕ್ಕೆ ಹೊಂದುತ್ತದೆಯೇ ನೋಡಬೇಕೆಂದು ಆಡಿಟ್ ಮಾನದಂಡ ಎಸ್‌ಎ 720 ಹೇಳುತ್ತದೆ. ಇಂಥದ್ದನ್ನು ಹುಡುಕುವುದು ಸುಲಭ. ಎಂಟ್ರಿ ಬಿದ್ದ ಕೂಡಲೇ ಒಂದು ಹಾಳೆಯ ಎಡಗಡೆ ಹಳೇ ಅಂಕಿ, ಬಲಗಡೆ ಹೊಸ ಅಂಕಿ ಬರೆದುಕೊಳ್ಳಿ. ಇಲ್ಲಿ ಹತ್ತು–ಹನ್ನೆರಡು ಜೋಡಿ ಆಗಿತ್ತು. ಆಮೇಲೆ ಪ್ರತಿ ಹಳೇ ಅಂಕಿಯನ್ನೂ ಎಲ್ಲ ಫೈಲುಗಳಲ್ಲಿ `Ctrl+F` ಒತ್ತಿ ಹುಡುಕಿ. ಹೊಸದನ್ನು ಹುಡುಕಿದರೆ ಪ್ರಯೋಜನವಿಲ್ಲ, ಅದು ಸರಿಯಾದ ಜಾಗದಲ್ಲಿ ಸಿಕ್ಕೇ ಸಿಗುತ್ತದೆ. ನಿಮಗೆ ಬೇಕಾದದ್ದು ಹಳೆಯದು ಎಲ್ಲೂ ಉಳಿದಿಲ್ಲ ಅನ್ನುವ ಖಾತ್ರಿ. ವೇಷ ಬದಲಿಸಿ ಕೂತಿರುವುದೂ ಉಂಟು: 412.65 ಅನ್ನುವುದು ಒಂದು ಕಡೆ 4.13 ಕೋಟಿ, ಇನ್ನೊಂದು ಕಡೆ 4,12,65,000 ಆಗಿರಬಹುದು. ಎಕ್ಸೆಲ್‌ನಿಂದ ಚಿತ್ರವಾಗಿ ಅಂಟಿಸಿದ ಕೋಷ್ಟಕವಂತೂ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಅಂಥದ್ದು ಕಂಡರೆ ಮೊದಲು ಅದನ್ನೇ ಕಣ್ಣಿಟ್ಟು ನೋಡಿ.

ಎರಡನೆಯದು ಕಷ್ಟದ್ದು, ಯಾಕೆಂದರೆ ಅಲ್ಲಿ ಅಂಕಿಯೇ ಇರಲಿಲ್ಲ. ಕಾರೋ 2020ರ ಪ್ರಕಾರ, ಚಾಲ್ತಿ ಆಸ್ತಿಯ ಭದ್ರತೆಯ ಮೇಲೆ ಬ್ಯಾಂಕುಗಳು ಮಂಜೂರು ಮಾಡಿದ ದುಡಿಯುವ ಬಂಡವಾಳದ ಮಿತಿ ಒಟ್ಟು ಐದು ಕೋಟಿ ದಾಟಿದ್ದರೆ, ಕಂಪನಿ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಸ್ಟೇಟ್‌ಮೆಂಟು ಲೆಕ್ಕದ ಪುಸ್ತಕಕ್ಕೆ ಹೊಂದುತ್ತದೆಯೇ ಅಂತ ಆಡಿಟರ್ ಹೇಳಬೇಕು. ಈ ಕಂಪನಿಯ ಮಿತಿ ಆರು ಕೋಟಿ. ಮಾರ್ಚ್ ತಿಂಗಳ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು 412.65 ಅಂತ ಬ್ಯಾಂಕಿಗೆ ಹೋಗಿ ತಿಂಗಳುಗಳೇ ಆಗಿದ್ದವು. ನಮ್ಮ ಅನುಬಂಧದಲ್ಲಿ ‘ಸ್ಟೇಟ್‌ಮೆಂಟುಗಳು ಪುಸ್ತಕಗಳಿಗೆ ಹೊಂದುತ್ತವೆ’ ಅಂತ ಒಂದೇ ವಾಕ್ಯ. ಹಿಂದಿನ ದಿನ ಮಧ್ಯಾಹ್ನದವರೆಗೆ ಅದು ನಿಜ. ಸಂಜೆಯ ಎಂಟ್ರಿಯಿಂದ ಪುಸ್ತಕ 394.25ಕ್ಕೆ ಬಂದ ಮೇಲೆ ಅದು ಸುಳ್ಳು. ಹುಡುಕಾಟದಲ್ಲಿ ಸಿಗಲು ಅಲ್ಲಿ ಒಂದು ಅಂಕಿಯೂ ಇಲ್ಲ. ‘ಹೊಂದುತ್ತವೆ’, ‘ಇಲ್ಲ’, ‘ಯಾವುದೇ ವ್ಯತ್ಯಾಸ ಕಂಡುಬಂದಿಲ್ಲ’, ‘ನಗದು ನಷ್ಟವಾಗಿಲ್ಲ’ ಇಂಥ ಮಾತುಗಳೆಲ್ಲ ಅಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ವಾಕ್ಯಗಳು. ಅಂಕಿಗಳಿಗೆ ಪೆನ್ಸಿಲಿನ ಸುತ್ತು ಹಾಕುವಾಗ ಇವಕ್ಕೂ ಹಾಕಿ. ಅಲ್ಲಿ ಕೊನೆಗೆ ಮಾರ್ಚ್ ತ್ರೈಮಾಸಿಕದ ವ್ಯತ್ಯಾಸ 18.40 ಅಂತ ಅನುಬಂಧದಲ್ಲೂ, ಅದರ ಕಾರಣದ ಸಮೇತ ಲೆಕ್ಕಪತ್ರದ ನೋಟ್‌ನಲ್ಲೂ ಬರೆಯಬೇಕಾಯಿತು.

ಮೂರನೆಯದು ಇನ್ನೂ ಮೋಜಿನದು. ಇದ್ದ ವಾಕ್ಯ ತಪ್ಪಾದದ್ದಲ್ಲ, ಇಲ್ಲದ ವಾಕ್ಯ ಬೇಕಾದದ್ದು. ಶೆಡ್ಯೂಲ್ IIIರ ಪ್ರಕಾರ ಅನುಪಾತಗಳ ನೋಟ್ ಕೊಡಬೇಕು, ಹೋದ ವರ್ಷಕ್ಕಿಂತ ಯಾವುದೇ ಅನುಪಾತ 25 ಪ್ರತಿಶತಕ್ಕಿಂತ ಹೆಚ್ಚು ಬದಲಾಗಿದ್ದರೆ ಕಾರಣ ಬರೆಯಬೇಕು. ಮಾರಾಟ 1,642.80. ಹಳೇ ಲಾಭಕ್ಕೆ ನಿವ್ವಳ ಲಾಭದ ಅನುಪಾತ 4.40 ಪ್ರತಿಶತ, ಹೋದ ವರ್ಷ 4.85 ಇತ್ತು, ಇಳಿಕೆ 9.3 ಪ್ರತಿಶತ ಮಾತ್ರ. ಕಾರಣದ ಕಾಲಂನಲ್ಲಿ ಒಂದು ಗೆರೆ ಎಳೆದಿದ್ದರು. ಹೊಸ ಲಾಭಕ್ಕೆ ಅನುಪಾತ 3.57, ಇಳಿಕೆ 26.4 ಪ್ರತಿಶತ. ಕೋಷ್ಟಕ ತಾನೇ ಬದಲಾಯಿತು, ಗೆರೆ ಮಾತ್ರ ಗೆರೆಯಾಗಿಯೇ ಉಳಿಯಿತು. ಅಂಕಿಗಳೆಲ್ಲ ಒಂದಕ್ಕೊಂದು ಹೊಂದುತ್ತಿದ್ದವು, ಆದರೂ ರಿಪೋರ್ಟು ಅಪೂರ್ಣ. ಇಂಥ ಗಡಿ ಇರುವ ಕಡೆ, ಅಂದರೆ 25 ಪ್ರತಿಶತ, ಐದು ಕೋಟಿ, ಲಾಭ ಹೋಗಿ ನಷ್ಟ, ಈ ಜಾಗಗಳಲ್ಲಿ ಅಂಕಿ ಎಷ್ಟಾಯಿತು ಅಂತ ನೋಡಿದರೆ ಸಾಲದು, ಗೆರೆಯ ಯಾವ ಕಡೆಗೆ ಬಿತ್ತು ಅಂತ ನೋಡಬೇಕು.

ಈಗ ಕೂರುವ ಕ್ರಮ. ಪ್ರಿಂಟ್ ತೆಗೆಯಿರಿ, ಪರದೆಯ ಮೇಲೆ ಬೇಡ. ಪ್ರಿಂಟ್ ತೆಗೆದ ಮೇಲೆ ಎಕ್ಸೆಲ್ ಫೈಲಿಗೆ ಬೀಗ, ಯಾರೂ ಮುಟ್ಟಬಾರದು; ಮುಟ್ಟಿದರೆ ಹೊಸ ಪ್ರಿಂಟು. ಮೊದಲು ಪ್ರತಿ ಕೋಷ್ಟಕವನ್ನೂ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ, ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ನೋಟ್‌ನ ಒಟ್ಟು ಬ್ಯಾಲೆನ್ಸ್ ಶೀಟಿನ ಸಾಲಿಗೆ ಸೇರುತ್ತದೆಯೇ ನೋಡಿ. ಕೋಷ್ಟಕಗಳೇ ತಮ್ಮೊಳಗೆ ಸರಿಯಿಲ್ಲದಿದ್ದರೆ ಬರಹವನ್ನು ಅದಕ್ಕೆ ಹೋಲಿಸಿ ಪ್ರಯೋಜನವಿಲ್ಲ. ಅದಾದ ಮೇಲೆ ಬರಹದಿಂದ ಕೋಷ್ಟಕಕ್ಕೆ ಹೋಗಿ, ಕೋಷ್ಟಕದಿಂದ ಬರಹಕ್ಕಲ್ಲ. ಕೋಷ್ಟಕದಲ್ಲಿ ನೂರಾರು ಅಂಕಿಗಳಿರುತ್ತವೆ, ಅವುಗಳಲ್ಲಿ ಬರಹದಲ್ಲಿ ಬರುವುದು ಕೆಲವೇ. ಬರಹದ ಪ್ರತಿ ಅಂಕಿಗೆ ಸುತ್ತು ಹಾಕಿ, ಪಕ್ಕದಲ್ಲಿ ಅದು ಯಾವ ನೋಟ್‌ನ ಯಾವ ಸಾಲಿನಿಂದ ಬಂತು ಅಂತ ಬರೆಯಿರಿ. ತವರು ಸಿಗದ ಸುತ್ತು ಉಳಿದರೆ, ಅದೇ ನಿಮ್ಮ ಪ್ರಶ್ನೆ.

ಆಮೇಲೆ ಇಬ್ಬರು ಕೂತು ಒಬ್ಬರು ಕೂಗಬೇಕು, ಇನ್ನೊಬ್ಬರು ಟಿಕ್ ಹಾಕಬೇಕು. ಪುಣೆಯಲ್ಲಿ ನಿಮ್ಮ ಜೊತೆ ಕೂರುವವರು ಬಹುಶಃ ಮರಾಠಿಯವರು. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಫೋರ್ಟ್‌ನ ಕಚೇರಿಯಲ್ಲಿ ಜೊತೆಗಾರ ‘ಏಕೋಣಸಾಠ್’ ಅಂದರೆ ನನ್ನ ಕಿವಿಗೆ ‘ಸಾಠ್’ ಮಾತ್ರ ಬಿದ್ದು ಅರವತ್ತರ ಮೇಲೊಂದು ಅಂತ 61 ಅಂದುಕೊಳ್ಳುತ್ತಿದ್ದೆ. ಅದು 59. ನಮ್ಮಲ್ಲಿ ಐವತ್ತೊಂಬತ್ತು ಅಂದರೆ ಐವತ್ತು ಮುಂದೆ ನಿಂತಿರುತ್ತದೆ, ಅವರಲ್ಲಿ ಅರವತ್ತಕ್ಕೆ ಒಂದು ಕಮ್ಮಿ. ಅದಕ್ಕೇ ಭಾಷೆ ಯಾವುದಾದರೂ ಇರಲಿ, ಬಿಡಿ ಬಿಡಿಯಾಗಿ ಕೂಗಿಸಿ: ‘ಐದು, ಎಂಟು, ದಶಾಂಶ, ಐದು, ಒಂಬತ್ತು’. ಆವರಣದಲ್ಲಿರುವ ಅಂಕಿಗೆ ‘ಆವರಣದಲ್ಲಿ’ ಅಂತಲೂ ಕೂಗಬೇಕು. ಕೋಷ್ಟಕದಲ್ಲಿ (2.10) ಇದ್ದು ಬರಹದಲ್ಲಿ ‘ಇಳಿಕೆ’ ಅಂತ ಇದ್ದರೆ, ದಾಸ್ತಾನಿನ ಬದಲಾವಣೆಯ ಸಾಲಿನಲ್ಲಿ ಆವರಣವೆಂದರೆ ಏರಿಕೆ ಅನ್ನುವುದು ಎಷ್ಟೋ ಸಲ ಮರೆತುಹೋಗಿರುತ್ತದೆ.

ವ್ಯತ್ಯಾಸ ಕಂಡಾಗ ಮೊದಲು ಕಳೆದು ನೋಡಿ. ಬರಹದಲ್ಲಿ 58.95, ಕೋಷ್ಟಕದಲ್ಲಿ 58.59 ಅಂದರೆ ವ್ಯತ್ಯಾಸ 0.36, ದಶಾಂಶ ಬಿಟ್ಟು ನೋಡಿದರೆ 36, ಒಂಬತ್ತರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಹೀಗೇ ಆಗುವುದು. ಟೈಪಿಂಗ್ ತಪ್ಪಿರಬೇಕು ಅಂತ ಗುಮಾನಿ ಪಡಬಹುದು. ವ್ಯತ್ಯಾಸ ಸರಿಯಾಗಿ 13.77 ಬಂದರೆ ಅದು ಟೈಪಿಂಗ್ ಅಲ್ಲ, ನಿಮ್ಮ ಹಳೇ ಎಂಟ್ರಿಯ ನೆರಳು. (13.77ನ್ನೂ ಒಂಬತ್ತು ಭಾಗಿಸುತ್ತದೆ ಅಂತ ಬುದ್ಧಿವಂತರು ಹೇಳಬಹುದು. ಹೌದು. ಅದಕ್ಕೇ ಹಳೇ–ಹೊಸ ಹಾಳೆಯನ್ನು ಮೊದಲು ನೋಡಿ, ಒಂಬತ್ತರ ಮಗ್ಗಿಯನ್ನು ಆಮೇಲೆ.)

ವ್ಯತ್ಯಾಸವೆಲ್ಲ ತಪ್ಪೂ ಅಲ್ಲ. ಇದನ್ನು ತಿಳಿಯದೆ ‘ತಿದ್ದಿ’ ಹಾಕಿದವರನ್ನು ನೋಡಿದ್ದೇನೆ. ವಿವಾದದಲ್ಲಿರುವ ಜಿಎಸ್‌ಟಿ ಬೇಡಿಕೆ 24.00 ಅಂತ ಇಟ್ಟುಕೊಳ್ಳಿ, ಪೂರ್ತಿ ತೆರಿಗೆಯೇ. ಕಂಪನಿ ಮೇಲ್ಮನವಿಗಾಗಿ ಹತ್ತು ಪ್ರತಿಶತ, 2.40 ಕಟ್ಟಿದೆ. ಸಂಭಾವ್ಯ ಹೊಣೆಗಾರಿಕೆಯ ನೋಟ್‌ನಲ್ಲಿ 24.00 ಇರುತ್ತದೆ. ಕಾರೋ ಅನುಬಂಧ ಕೇಳುವುದು ವಿವಾದದ ಕಾರಣ ಕಟ್ಟದೆ ಉಳಿದದ್ದನ್ನು, ಅಲ್ಲಿ 21.60. ಎರಡೂ ಸರಿ. ಇಲ್ಲಿ ಪ್ರೂಫ್ ನೋಡುವವರ ಕೆಲಸ ಎರಡನ್ನೂ ಒಂದೇ ಮಾಡುವುದಲ್ಲ, 2.40 ಕಟ್ಟಿದ ಚಲನ್ ಫೈಲಿನಲ್ಲಿದೆಯೇ, ಅದು ಅನುಬಂಧದಲ್ಲಿ ಕಾಣುತ್ತದೆಯೇ ಅಂತ ನೋಡುವುದು. ಇದೇ ಅನುಬಂಧದ ಕೋಷ್ಟಕ ಎಷ್ಟೋ ಸಲ ರೂಪಾಯಿಯಲ್ಲಿರುತ್ತದೆ, ನೋಟ್‌ಗಳು ಲಕ್ಷದಲ್ಲಿ. ಕಾಲಂನ ತಲೆಬರಹ ನೋಡದೆ ಟಿಕ್ ಹಾಕಬೇಡಿ.

ಕೊನೆಯ ದಶಾಂಶದ ಜಗಳವೂ ಅಷ್ಟೇ. ಮೂರು ಖರ್ಚುಗಳು 12,34,400, 8,21,400, 5,61,400 ರೂಪಾಯಿ. ಲಕ್ಷಕ್ಕೆ ತಂದರೆ 12.34, 8.21, 5.61, ಕಾಗದದ ಮೇಲೆ ಕೂಡಿಸಿದರೆ 26.16. ಎಕ್ಸೆಲ್ ಮಾತ್ರ 26,17,200 ಅಂತ ಒಳಗೆ ಇಟ್ಟುಕೊಂಡು 26.17 ತೋರಿಸುತ್ತದೆ. ಪ್ರಿಂಟಿನಲ್ಲಿ ಕೂಡಿಸುವ ಓದುಗರಿಗೆ ಇದು ತಪ್ಪಾಗಿಯೇ ಕಾಣುತ್ತದೆ. ರೂಪಾಯಿಗಳು B ಕಾಲಂನಲ್ಲಿದ್ದರೆ ಎಲ್ಲೆಲ್ಲಿ ಹೀಗಾಗಿದೆ ಅಂತ ಮೊದಲೇ ಹಿಡಿಯಬಹುದು:

```
=ROUND(SUM(B5:B7)/100000,2)-SUMPRODUCT(ROUND(B5:B7/100000,2))
```

ಉತ್ತರ ಸೊನ್ನೆಯಲ್ಲದ ಕಡೆ 0.01ನ್ನು ಯಾವ ಸಾಲಿನಲ್ಲಿ ಹೊಂದಿಸಬೇಕು, ಅಥವಾ ಅಂಕಿಗಳನ್ನು ರೌಂಡ್ ಮಾಡಿದ ಕಾರಣ ಒಟ್ಟು ಹೊಂದದಿರಬಹುದು ಅಂತ ಒಂದು ಸಾಲು ಬರೆದು ಬಿಡಬೇಕೇ ಅನ್ನುವುದು ಪಾರ್ಟ್ನರ್ ತೀರ್ಮಾನ. ನಾನು ದೊಡ್ಡ ಸಾಲಿನಲ್ಲಿ ಹೊಂದಿಸುವವನು. ಹೊಂದಿಸಿದ ಮೇಲೆ ಬರಹವೂ ಅದೇ ಹೊಂದಿಸಿದ ಅಂಕಿಯನ್ನೇ ಹೇಳಬೇಕು, ಅಷ್ಟೇ.

ಹಿಂದಿನ ವರ್ಷದ ಕಾಲಂ ಬಗ್ಗೆ ಒಂದೇ ಮಾತು: ಹೋದ ವರ್ಷದ ಎಕ್ಸೆಲ್ ಜೊತೆ ಹೋಲಿಸಬೇಡಿ, ಸಹಿಯಾದ ಪ್ರತಿಯ ಜೊತೆ ಹೋಲಿಸಿ. ಗುಂಪು ಬದಲಿಸಿದ್ದರೆ ವ್ಯತ್ಯಾಸ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನೋಟ್ ಹೇಳಬೇಕು.

ಇದಕ್ಕೆಲ್ಲ ಒಂದು ಮಿತಿಯೂ ಇದೆ. ಬರಹ, ಕೋಷ್ಟಕ ಎರಡೂ ಒಂದೇ ತಪ್ಪು ಟ್ರಯಲ್ ಬ್ಯಾಲೆನ್ಸಿನಿಂದ ಬಂದಿದ್ದರೆ ಎರಡೂ ಚೆನ್ನಾಗಿ ಹೊಂದುತ್ತವೆ. ಅದನ್ನು ಹಿಡಿಯುವುದು ಆಡಿಟ್, ಪ್ರೂಫ್ ಅಲ್ಲ. ಹಾಗೇ, ತಪ್ಪು ಕಂಡರೆ ನೀವೇ ತಿದ್ದಬೇಡಿ. ಪೆನ್ಸಿಲಿನಲ್ಲಿ ಎರಡೂ ಅಂಕಿ, ಎರಡರ ಜಾಗ, ವ್ಯತ್ಯಾಸ ಬರೆದು ಪಾರ್ಟ್ನರ್ ಮುಂದೆ ಇಡಿ. ‘ಹೊಂದುತ್ತವೆ’ ಅನ್ನುವ ವಾಕ್ಯವನ್ನು ಅವತ್ತು ಬದಲಿಸಿದ್ದು ಒಬ್ಬ ಆರ್ಟಿಕಲ್ ಹುಡುಗನ ಪೆನ್ಸಿಲ್ ಗುರುತಿನಿಂದಲೇ, ಆದರೆ ಬದಲಿಸಬೇಕಾದವನು ನಾನಾಗಿದ್ದೆ.

ಸಹಿಯ ದಿನ ಇನ್ನೊಂದು ಜಾಗ ಉಳಿದಿರುತ್ತದೆ. ರಿಪೋರ್ಟಿನ ಗುರುತಿನ ಸಂಖ್ಯೆಯಾದ ಯುಡಿಐಎನ್ ತೆಗೆಯುವಾಗ ಪೋರ್ಟಲ್‌ನಲ್ಲಿ ರಿಪೋರ್ಟಿನ ಕೆಲವು ಅಂಕಿಗಳನ್ನು ತುಂಬಬೇಕು. ಅದನ್ನು ತುಂಬುವವರು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ತೆರೆದಿರುವ ಫೈಲು ನೋಡಿ ತುಂಬುತ್ತಾರೆ, ಆ ಫೈಲು ಹಿಂದಿನ ದಿನ ಮಧ್ಯಾಹ್ನದ್ದಾಗಿರಬಹುದು. ಸಹಿಯಾಗುವ ಪ್ರಿಂಟನ್ನೇ ಪಕ್ಕದಲ್ಲಿಟ್ಟುಕೊಂಡು ಅದರಿಂದ ಕೂಗಿ ತುಂಬಿಸಿ. ಬಂದ ಹದಿನೆಂಟು ಅಕ್ಷರ–ಅಂಕಿಗಳನ್ನು ರಿಪೋರ್ಟಿನಲ್ಲಿ ಬರೆಯುವಾಗಲೂ ಅದೇ ರೀತಿ, ಬಿಡಿ ಬಿಡಿಯಾಗಿ.